ನಿಮ್ಮ ಮೇಲ್‌ಗೆ ಬರುವ ಉತ್ತರ ಯಾರಿಗೆಲ್ಲ ಹೋಗುತ್ತದೆ?

(ಕಚೇರಿ ಕೆಲಸದವರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

2021ರ ಸೆಪ್ಟೆಂಬರ್ 20ರಂದು ಬ್ರಿಟನ್ನಿನ ರಕ್ಷಣಾ ಇಲಾಖೆಯ ಒಂದು ತಂಡ ಒಂದು ಮೇಲ್ ಕಳಿಸಿತು. ಅಫ್ಘಾನಿಸ್ತಾನದಲ್ಲಿ ಬ್ರಿಟನ್ನಿನವರ ಜೊತೆ ಕೆಲಸ ಮಾಡಿದ್ದ ಅಲ್ಲಿನ ಜನರನ್ನು ದೇಶದಿಂದ ಹೊರಗೆ ಕರೆತರುವುದು ಆ ತಂಡದ ಕೆಲಸ. ಕಾಬೂಲ್ ತಾಲಿಬಾನ್ ಕೈಗೆ ಹೋಗಿ ಆಗ ತಿಂಗಳ ಮೇಲೆ ಕೆಲವೇ ದಿನ ಆಗಿತ್ತು. ಮೇಲ್ 245 ಜನರಿಗೆ ಹೋಯಿತು. ವಿಳಾಸಗಳನ್ನು ಬೇರೆಯವರಿಗೆ ಕಾಣದ ಬಿಸಿಸಿ ಸಾಲಿನಲ್ಲಿ ಹಾಕುವ ಬದಲು ಟು ಸಾಲಿನಲ್ಲಿ ಹಾಕಿದ್ದರು. ಅಂದರೆ ಯಾರು ಯಾರು ಹೊರಡಲು ಕಾಯುತ್ತಿದ್ದಾರೆ ಅನ್ನುವುದು ಪ್ರತಿಯೊಬ್ಬರ ಪರದೆಯ ಮೇಲೂ ಬಂತು. 55 ಜನರ ವಿಳಾಸದ ಜೊತೆ ಅವರ ಪುಟ್ಟ ಫೋಟೋ ಕೂಡ ಕಾಣುತ್ತಿತ್ತು.

ಆಮೇಲೆ ಇಬ್ಬರು ರಿಪ್ಲೈ ಆಲ್ ಒತ್ತಿದರು. ಅವರಲ್ಲಿ ಒಬ್ಬರು ತಾವು ಇರುವ ಜಾಗವನ್ನೇ ಬರೆದಿದ್ದರು. ತನ್ನನ್ನು ಹೊರಗೆ ಕರೆತರಬೇಕಾದ ಅಧಿಕಾರಿಗೆ ಬರೆಯುತ್ತಿದ್ದೇನೆ ಅಂತಲೇ ಅವರು ಅಂದುಕೊಂಡಿರಬೇಕು. ಅದು ಗುರುತಿಲ್ಲದ ಇನ್ನೂರಕ್ಕೂ ಹೆಚ್ಚು ಜನರ ಇನ್‌ಬಾಕ್ಸಿಗೆ ಹೋಯಿತು.

ಇಲ್ಲಿ ಯಾರೂ ಏನನ್ನೂ ಕದಿಯಲಿಲ್ಲ. ಪಾಸ್‌ವರ್ಡ್ ಸೋರಲಿಲ್ಲ. ತನಿಖೆ ಮಾಡಿದಾಗ ಅದೇ ತಿಂಗಳ 7 ಮತ್ತು 13ನೇ ತಾರೀಕು ಇಂಥದೇ ಇನ್ನೆರಡು ತಪ್ಪು ಆಗಿದ್ದು ಗೊತ್ತಾಯಿತು. ಒಟ್ಟು 265 ವಿಳಾಸಗಳು ಬಯಲಾಗಿದ್ದವು. 2023ರ ಡಿಸೆಂಬರಿನಲ್ಲಿ ಆ ದೇಶದ ಮಾಹಿತಿ ಆಯುಕ್ತರ ಕಚೇರಿ ತನ್ನದೇ ಸರ್ಕಾರದ ಇಲಾಖೆಗೆ 3,50,000 ಪೌಂಡ್ ದಂಡ ಹಾಕಿತು.

ಈ ಕಥೆಯಿಂದ ಶುರು ಮಾಡಿದ್ದು ಹೆದರಿಸಲಿಕ್ಕಲ್ಲ. ಇದರಲ್ಲಿ ಎರಡು ತಪ್ಪಿವೆ. ಎರಡನೆಯದು ಮೊದಲನೆಯದರಿಂದಲೇ ಹುಟ್ಟಿತು. ವಿಳಾಸಗಳು ಟು ಸಾಲಿನಲ್ಲಿ ಇದ್ದದ್ದರಿಂದಲೇ ರಿಪ್ಲೈ ಆಲ್‌ಗೆ ಹಿಡಿಯಲು ಒಂದು ಪಟ್ಟಿ ಸಿಕ್ಕಿತು. ಅವೇ ವಿಳಾಸಗಳು ಬಿಸಿಸಿಯಲ್ಲಿ ಇದ್ದಿದ್ದರೆ, ಅದೇ ಮನುಷ್ಯ ಅದೇ ಬಟನ್ ಒತ್ತಿದ್ದರೂ ಉತ್ತರ ಇಲಾಖೆಗೆ ಮಾತ್ರ ಹೋಗುತ್ತಿತ್ತು. ಯಾಕೆ ಹಾಗೆ ಅಂತ ಅರ್ಥವಾದರೆ ಸಿಸಿ, ಬಿಸಿಸಿ, ರಿಪ್ಲೈ ಆಲ್ ಮೂರನ್ನೂ ಬೇರೆ ಬೇರೆಯಾಗಿ ಕಲಿಯಬೇಕಾಗಿಲ್ಲ.

ಲಕೋಟೆ ಬೇರೆ, ಒಳಗಿನ ಕಾಗದ ಬೇರೆ

ನಾನು ಬಹಳ ವರ್ಷ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಹಾಗಾಗಿ ಸೆಂಡ್ ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಅಂತ ಒಮ್ಮೆ ತೋರಿಸಿಬಿಡುತ್ತೇನೆ. ರವಿ ಒಂದು ಮೇಲ್ ಕಳಿಸುತ್ತಾನೆ. ಟು ಮೀನಾ, ಸಿಸಿ ಸುರೇಶ್, ಬಿಸಿಸಿ ಲತಾ. ಅವನ ಕಂಪ್ಯೂಟರು ಸರ್ವರಿಗೆ ಹೇಳುವುದು ಹೆಚ್ಚುಕಡಿಮೆ ಹೀಗಿರುತ್ತದೆ:

```
MAIL FROM:<ravi@example.com>
RCPT TO:<meena@example.com>
RCPT TO:<suresh@example.com>
RCPT TO:<latha@example.com>
DATA
From: ravi@example.com
To: meena@example.com
Cc: suresh@example.com
Subject: Meeting moved to 4 pm
```

ಮೇಲಿನ ನಾಲ್ಕು ಸಾಲು ಲಕೋಟೆ. `DATA` ಆದ ಮೇಲಿನದು ಒಳಗಿನ ಕಾಗದ. ಸರ್ವರ್ ಮೇಲನ್ನು ತಲುಪಿಸುವುದು ಲಕೋಟೆ ನೋಡಿಕೊಂಡು. ಅಲ್ಲಿ ಮೂವರೂ ಸಮ. ಟು, ಸಿಸಿ ಅನ್ನುವ ಭೇದವೇ ಅಲ್ಲಿಲ್ಲ. ಎಲ್ಲರಿಗೂ ಅದೇ `RCPT TO`. ಓದುವವರ ಕಣ್ಣಿಗೆ ಬೀಳುವುದು ಒಳಗಿನ ಕಾಗದ ಮಾತ್ರ. ಅದರಲ್ಲಿ ಲತಾ ಹೆಸರೇ ಇಲ್ಲ. ಬಿಸಿಸಿ ಅಂದರೆ ಇಷ್ಟೇ: ಲಕೋಟೆಯ ಮೇಲೆ ವಿಳಾಸ ಇರುತ್ತದೆ, ಕಾಗದದ ಮೇಲೆ ಇರುವುದಿಲ್ಲ. ರವಿಯ ಸೆಂಟ್ ಫೋಲ್ಡರಿನಲ್ಲಿ ಉಳಿಯುವ ಪ್ರತಿಯಲ್ಲಿ ಬಿಸಿಸಿ ಸಾಲು ಸಾಮಾನ್ಯವಾಗಿ ಇರುತ್ತದೆ. ಅದು ಅವನಿಗೆ ಮಾತ್ರ ಕಾಣುತ್ತದೆ.

ಈಗ ಮೀನಾ ರಿಪ್ಲೈ ಆಲ್ ಒತ್ತುತ್ತಾಳೆ. ಅವಳ ಬಳಿ ಲಕೋಟೆ ಇಲ್ಲ, ಕಾಗದ ಇದೆ. ಬಟನ್ನು ಕಾಗದವನ್ನೇ ಓದುತ್ತದೆ. ಕಳಿಸಿದವರು, ಟು, ಸಿಸಿ ಇಷ್ಟನ್ನು ಕೂಡಿಸಿ, ಮೀನಾಳ ಸ್ವಂತ ವಿಳಾಸ ತೆಗೆದು, ಹೊಸ ಪಟ್ಟಿ ಮಾಡುತ್ತದೆ. ರವಿ, ಸುರೇಶ್ ಅದರಲ್ಲಿ ಇರುತ್ತಾರೆ. ಲತಾಗೆ ಹೋಗುವ ದಾರಿಯೇ ಇಲ್ಲ, ಯಾಕಂದರೆ ಅವಳು ಇದ್ದಾಳೆ ಅಂತ ಮೀನಾಳ ಕಂಪ್ಯೂಟರಿಗೂ ಗೊತ್ತಿಲ್ಲ.

ಹಾಗಾಗಿ ನೀವು ಟು ಮತ್ತು ಸಿಸಿ ತುಂಬುವಾಗ ಎರಡು ಕೆಲಸ ಒಟ್ಟಿಗೆ ಮಾಡುತ್ತಿದ್ದೀರಿ. ಈ ಮೇಲ್ ಯಾರು ಓದಬೇಕು ಅಂತ ಹೇಳುತ್ತಿದ್ದೀರಿ. ಜೊತೆಗೆ ಮುಂದೆ ಬರುವ ಉತ್ತರಗಳೆಲ್ಲ ಯಾರಿಗೆ ಹೋಗಬಹುದು ಅನ್ನುವುದನ್ನೂ ನೀವೇ ಬರೆದುಕೊಡುತ್ತಿದ್ದೀರಿ. ಮೊದಲನೆಯದನ್ನು ಎಲ್ಲರೂ ಯೋಚಿಸುತ್ತಾರೆ. ಎರಡನೆಯದನ್ನು ಯಾರೂ ಯೋಚಿಸುವುದಿಲ್ಲ. ರಿಪ್ಲೈ ಆಲ್ ಗದ್ದಲವಾದಾಗ ಒತ್ತಿದವರನ್ನು ಬೈಯುತ್ತೇವೆ. ಆ ಪಟ್ಟಿ ಕೊಟ್ಟವರು ಯಾರು ಅಂತ ಕೇಳುವುದೇ ಇಲ್ಲ.

ಸಿಸಿ ಬಗ್ಗೆ ಚಿಕ್ಕದಾಗಿ

ಸಿಸಿ ಅಂದರೆ ಕಾರ್ಬನ್ ಕಾಪಿ. ಟೈಪ್‌ರೈಟರ್ ನೋಡಿದವರು ಇಲ್ಲಿ ಕೆಲವರಾದರೂ ಇದ್ದೀರಿ. ಎರಡು ಹಾಳೆಯ ನಡುವೆ ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡುತ್ತಿದ್ದರು. ಪ್ರತಿ ಯಾರಿಗೆ ಹೋಗುತ್ತದೆ ಅಂತ ಕಾಗದದ ಕೆಳಗೆ ಬರೆಯುತ್ತಿದ್ದರು. ಗುಟ್ಟಾಗಿ ಒಬ್ಬರಿಗೆ ಕಳಿಸಬೇಕಾದರೆ ಮೂಲ ಹಾಳೆಯನ್ನು ತೆಗೆದಿಟ್ಟು, ಪ್ರತಿಯ ಮೇಲೆ ಮಾತ್ರ ಆ ಹೆಸರು ಟೈಪ್ ಮಾಡುತ್ತಿದ್ದರು. ಬಿಸಿಸಿಯ ಮೊದಲ ಬಿ ಬಂದಿದ್ದು ಅಲ್ಲಿಂದ, ಬ್ಲೈಂಡ್ ಅನ್ನುವ ಪದದಿಂದ. 1977ರ ಹೊತ್ತಿಗೇ ಇಮೇಲ್ ನಿಯಮಗಳಲ್ಲಿ ಈ ಎರಡೂ ಸಾಲು ಬಂದಿದ್ದವು.

ಟುನಲ್ಲಿ ಇರುವವರು ಏನಾದರೂ ಮಾಡಬೇಕು. ಸಿಸಿಯಲ್ಲಿ ಇರುವವರು ತಿಳಿದಿದ್ದರೆ ಸಾಕು. ತಂತ್ರಜ್ಞಾನದ ಲೆಕ್ಕದಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ, ಈಗ ತಾನೇ ನೋಡಿದಿರಿ. ವ್ಯತ್ಯಾಸ ಇರುವುದು ಓದುವವರ ತಲೆಯಲ್ಲಿ. ಟುನಲ್ಲಿ ನಾಲ್ಕು ಜನರನ್ನು ಹಾಕಿ "ಇದನ್ನು ನೋಡಿ ಹೇಳಿ" ಅಂತ ಬರೆದರೆ ನಾಲ್ವರೂ ಇನ್ನೊಬ್ಬರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಒಬ್ಬರನ್ನು ಟುನಲ್ಲಿ ಇಡಿ, ಮೊದಲ ಸಾಲಿನಲ್ಲೇ ಅವರ ಹೆಸರು ಹಿಡಿದು ಕೇಳಿ. ಇಬ್ಬರಿಂದ ಬೇರೆ ಬೇರೆ ಕೆಲಸ ಆಗಬೇಕಿದ್ದರೆ ಇಬ್ಬರ ಹೆಸರೂ ಬರೆದು ಯಾರದು ಯಾವುದು ಅಂತ ಹೇಳಿ.

ಮೇಲಧಿಕಾರಿಯನ್ನು ಸಿಸಿಗೆ ಹಾಕುವುದರ ಬಗ್ಗೆ ಕೇಳಿದಿರಿ. ಮೊದಲಿಂದಲೂ ಅವರು ಅಲ್ಲಿದ್ದರೆ ಅದು ಮಾಹಿತಿ. ಮೂರನೇ ಮೇಲ್‌ನಲ್ಲಿ, ಜಗಳ ಶುರುವಾದ ಮೇಲೆ ಅವರ ಹೆಸರು ಕಾಣಿಸಿಕೊಂಡರೆ ಅದು ದೂರು. ಮೇಲ್ ಒಳಗೆ ನೀವು ಎಷ್ಟೇ ಮೆತ್ತಗೆ ಬರೆದಿದ್ದರೂ ಎದುರಿನವರು ಮೊದಲು ಓದುವುದು ಆ ಹೆಸರನ್ನೇ. ದೂರು ಕೊಡಬೇಕಿದ್ದರೆ ಕೊಡಿ. ಆದರೆ "ಇವರನ್ನೂ ಸೇರಿಸಿದ್ದೇನೆ, ಯಾಕಂದರೆ ನಾಳೆಯೊಳಗೆ ತೀರ್ಮಾನ ಬೇಕು" ಅಂತ ಒಂದು ಸಾಲು ಬರೆದು ಕೊಡಿ.

ಬಿಸಿಸಿ ಯಾವಾಗ ಕೈ ಸುಡುತ್ತದೆ

ನನಗೇ ಆದದ್ದು ಹೇಳುತ್ತೇನೆ. ಆಗ ಕೆಲಸಕ್ಕೆ ಹೊಸಬ. ನಮ್ಮ ಮೇಲಿನವರೊಬ್ಬರು ಇನ್ನೊಂದು ವಿಭಾಗದವರಿಗೆ ಸ್ವಲ್ಪ ಖಾರವಾಗಿ ಮೇಲ್ ಬರೆದು, ನನ್ನನ್ನು ಬಿಸಿಸಿಗೆ ಹಾಕಿದ್ದರು. ನಡೆಯುತ್ತಿರುವುದು ನನಗೂ ಗೊತ್ತಿರಲಿ ಅಂತ. ನಾನು ಮೇಲ್ ತೆರೆದೆ. ಅದರಲ್ಲಿ ಒಂದು ತಾರೀಕು ತಪ್ಪಿತ್ತು. ತಿದ್ದಿಕೊಡೋಣ ಅಂತ ರಿಪ್ಲೈ ಆಲ್ ಒತ್ತಿ ಎರಡು ಸಾಲು ಬರೆದೆ. ನನ್ನ ಪ್ರತಿಯ ಕಾಗದದ ಮೇಲೂ ಟು, ಸಿಸಿ ಎಲ್ಲ ಇದ್ದವಲ್ಲ, ಉತ್ತರ ಅವರೆಲ್ಲರಿಗೂ ಹೋಯಿತು. ಐದು ನಿಮಿಷದಲ್ಲಿ ಆ ಇನ್ನೊಂದು ವಿಭಾಗದವರಿಂದ ಒಂದೇ ಸಾಲು ಬಂತು: "ನೀವು ಇದರಲ್ಲಿ ಯಾವಾಗಿಂದ ಇದ್ದೀರಿ?"

ನಮ್ಮ ಮೇಲಿನವರು ನನಗೆ ಬೈಯಲಿಲ್ಲ. ಆದರೆ ಅಷ್ಟು ದಿನ ಕಳಿಸಿದ ಮೇಲ್‌ಗಳಲ್ಲಿ ಇನ್ನೂ ಯಾರ್ಯಾರು ಅಡಗಿ ಕೂತಿದ್ದರು ಅನ್ನುವ ಅನುಮಾನ ಆ ವಿಭಾಗದವರಿಗೆ ಹೋಗಲೇ ಇಲ್ಲ.

ಬಿಸಿಸಿಯ ಗುಟ್ಟು ನಿಮ್ಮ ಕೈಯಲ್ಲಿ ಇರುವುದಿಲ್ಲ. ಬಿಸಿಸಿಯಲ್ಲಿ ಇರುವವರ ಒಂದು ಬೆರಳಿನಲ್ಲಿ ಇರುತ್ತದೆ. ಅವರು ಗಡಿಬಿಡಿಯಲ್ಲಿದ್ದರೆ, ಫೋನಿನಲ್ಲಿ ಓದುತ್ತಿದ್ದರೆ, ತಾವು ಬಿಸಿಸಿಯಲ್ಲಿ ಇದ್ದೇವೆ ಅಂತ ಗೊತ್ತೇ ಆಗುವುದಿಲ್ಲ. ಒಬ್ಬರಿಗೆ ಗುಟ್ಟಾಗಿ ತೋರಿಸಲೇಬೇಕಾದರೆ ಮೊದಲು ಮೇಲ್ ಕಳಿಸಿ. ಆಮೇಲೆ ಸೆಂಟ್ ಫೋಲ್ಡರಿಂದ ಅದನ್ನು ಅವರಿಗೆ ಫಾರ್ವರ್ಡ್ ಮಾಡಿ. ಈಗ ಅವರ ಕೈಗೆ ಸಿಕ್ಕಿದ್ದು ಬೇರೆಯೇ ಲಕೋಟೆ, ಬೇರೆಯೇ ಕಾಗದ. ಟುನಲ್ಲಿ ಅವರೊಬ್ಬರೇ. ರಿಪ್ಲೈ ಆಲ್ ಒತ್ತಿದರೂ ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಎರಡು ಕ್ಲಿಕ್ ಜಾಸ್ತಿ, ಅಷ್ಟೇ.

ಒಬ್ಬರು ಕೇಳಿದರು: ನಾನು ಬಿಸಿಸಿಯಲ್ಲಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ? ಟುನಲ್ಲೂ ಸಿಸಿಯಲ್ಲೂ ನಿಮ್ಮ ವಿಳಾಸ ಇಲ್ಲ, ನೀವು ಇರುವ ಯಾವ ಗುಂಪಿನ ವಿಳಾಸವೂ ಇಲ್ಲ, ಆದರೂ ಮೇಲ್ ಬಂದಿದೆ. ಹಾಗಿದ್ದರೆ ಬಿಸಿಸಿಯೇ ಇರಬೇಕು. ಕೆಲವು ಪ್ರೋಗ್ರಾಮುಗಳು ವಿವರ ಬಿಡಿಸಿ ನೋಡಿದಾಗ ಅದನ್ನು ಹೇಳುತ್ತವೆ ಕೂಡ. ಆಗ ರಿಪ್ಲೈ ಆಲ್ ಮುಟ್ಟಬೇಡಿ. ಕಳಿಸಿದವರೊಬ್ಬರಿಗೇ ಬರೆಯಿರಿ.

ಬಿಸಿಸಿ ಎಲ್ಲಿ ಒಳ್ಳೆಯದು

ಬಿಸಿಸಿಗೆ ಕೆಟ್ಟ ಹೆಸರು ಬಂದಿರುವುದು ಈ ಗುಟ್ಟಿನ ಕೆಲಸದಿಂದ. ಅದರ ಒಳ್ಳೆಯ ಉಪಯೋಗ ಗುಟ್ಟಿನದ್ದಲ್ಲ, ದಾರಿ ಮುಚ್ಚುವುದು. ಉತ್ತರ ಎಲ್ಲರಿಗೂ ಹೋಗುವ ದಾರಿಯನ್ನು ಅದು ಮುಚ್ಚುತ್ತದೆ.

ಪರಿಚಯದ ಮೇಲ್ ತೆಗೆದುಕೊಳ್ಳಿ. ಮೀನಾ ಸುರೇಶನಿಗೂ ಲತಾಗೂ ಪರಿಚಯ ಮಾಡಿಸಿ ಇಬ್ಬರಿಗೂ ಒಂದು ಮೇಲ್ ಹಾಕುತ್ತಾಳೆ. ಅವಳ ಕೆಲಸ ಮುಗಿಯಿತು. ಆದರೆ ಸುರೇಶ್ ರಿಪ್ಲೈ ಆಲ್ ಒತ್ತುತ್ತಾನೆ, ಲತಾ ರಿಪ್ಲೈ ಆಲ್ ಒತ್ತುತ್ತಾಳೆ. ಬುಧವಾರ ಸಿಗೋಣವಾ, ಗುರುವಾರ ಸಿಗೋಣವಾ ಅನ್ನುವ ಹನ್ನೊಂದು ಮೇಲ್ ಮೀನಾ ಸುಮ್ನೆ ಓದಬೇಕು. ಸುರೇಶ್ ಮೊದಲ ಉತ್ತರದಲ್ಲೇ ಟುನಲ್ಲಿ ಲತಾಳನ್ನು ಇಟ್ಟು, ಮೀನಾಳನ್ನು ಬಿಸಿಸಿಗೆ ಸರಿಸಿ, "ಪರಿಚಯ ಮಾಡಿಸಿದ್ದಕ್ಕೆ ಥ್ಯಾಂಕ್ಸ್ ಮೀನಾ, ನಿಮ್ಮನ್ನು ಬಿಸಿಸಿಗೆ ಸರಿಸಿದ್ದೇನೆ" ಅಂತ ಬರೆದರೆ? ಮೀನಾಗೆ ಮಾತು ಶುರುವಾಗಿದ್ದು ತಿಳಿಯುತ್ತದೆ. ಲತಾ ಆ ಮೇಲ್‌ಗೆ ಏನು ಒತ್ತಿದರೂ ಮೀನಾಗೆ ಹೋಗುವುದಿಲ್ಲ. ಸರಿಸಿದ್ದೇನೆ ಅಂತ ಬರೆದು ಹೇಳುವುದು ಇದರಲ್ಲಿ ಮುಖ್ಯ. ಅಲ್ಲಿಗೆ ಗುಟ್ಟು ಅನ್ನುವುದೇ ಉಳಿಯಲಿಲ್ಲ.

ಇನ್ನೊಂದು, ಎಲ್ಲರಿಗೂ ಹೋಗುವ ಸೂಚನೆ. ಟುನಲ್ಲಿ ನಿಮ್ಮದೇ ವಿಳಾಸ ಹಾಕಿ, ಜನರನ್ನೆಲ್ಲ ಬಿಸಿಸಿಯಲ್ಲಿ ಇಡಿ. ಬರುವ ಉತ್ತರಗಳೆಲ್ಲ ನಿಮಗೇ ಬರುತ್ತವೆ. ಒಂದು ತೊಂದರೆ ಉಂಟು. ಓದುವವರಿಗೆ ಇದು ತನಗೊಬ್ಬನಿಗೆ ಬಂದದ್ದೋ ಎಲ್ಲರಿಗೂ ಬಂದದ್ದೋ ತಿಳಿಯುವುದಿಲ್ಲ. ಮೊದಲ ಸಾಲಿನಲ್ಲೇ "ಈ ಮೇಲ್ ಮೂರನೇ ಮಹಡಿಯ ಎಲ್ಲರಿಗೂ" ಅಂತ ಹೇಳಿಬಿಡಿ. ಬಿಸಿಸಿಯಲ್ಲಿ ಗುಂಪಿನ ವಿಳಾಸ ಹಾಕಿದರೆ ಕೆಲವು ವ್ಯವಸ್ಥೆಗಳು ಅಂಥ ಮೇಲನ್ನು ಅನುಮಾನದಿಂದ ತಡೆದು ಇಟ್ಟುಕೊಳ್ಳುತ್ತವೆ, ಗುಂಪು ನೋಡಿಕೊಳ್ಳುವವರು ಒಪ್ಪಿದ ಮೇಲೆ ಬಿಡುತ್ತವೆ. ಮೊದಲ ಸಲ ಕಳಿಸಿದಾಗ ಯಾರಾದರೊಬ್ಬರನ್ನು ಬಂತಾ ಅಂತ ಕೇಳಿ ನೋಡಿ.

ಆದರೆ ಒಂದು ಗೆರೆ ಎಳೆಯುತ್ತೇನೆ. ಹೆಸರು ಬಯಲಾದರೆ ಜನರಿಗೆ ಪೆಟ್ಟಾಗುವಂಥ ಪಟ್ಟಿ ಇದ್ದರೆ, ಉದಾಹರಣೆಗೆ ರೋಗಿಗಳು, ದೂರು ಕೊಟ್ಟವರು, ಸಾಲದವರು, ಬಿಸಿಸಿಯನ್ನೂ ನಂಬಬೇಡಿ. ಟು ಸಾಲೂ ಬಿಸಿಸಿ ಸಾಲೂ ಪರದೆಯ ಮೇಲೆ ಒಂದರ ಕೆಳಗೆ ಒಂದು, ಬೆರಳಗಲ ದೂರದಲ್ಲಿ ಇರುತ್ತವೆ. ಸುಸ್ತಾದ ಒಂದು ಸಂಜೆ ಪೇಸ್ಟ್ ಮೇಲಿನದರಲ್ಲಿ ಆಗಿಬಿಡುತ್ತದೆ. 2015ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಒಂದು ಚಿಕಿತ್ಸಾಲಯ ಎಚ್‌ಐವಿ ಸೇವೆಯ ಸುದ್ದಿಪತ್ರವನ್ನು ಹೀಗೇ 781 ಜನರಿಗೆ ಟುನಲ್ಲಿ ಕಳಿಸಿತು. ಅದರಲ್ಲಿ 730 ವಿಳಾಸಗಳಲ್ಲಿ ಪೂರ್ತಿ ಹೆಸರೇ ಇತ್ತು. ಇಂಥ ಕಡೆ ಮೇಲ್ ಮರ್ಜ್ ಬಳಸಿ. ಅದು ಒಬ್ಬೊಬ್ಬರಿಗೂ ಬೇರೆ ಬೇರೆ ಮೇಲ್ ಕಳಿಸುತ್ತದೆ. ಪ್ರತಿ ಕಾಗದದ ಮೇಲೆ ಒಂದೇ ಹೆಸರು. ವಿಳಾಸಗಳನ್ನು ತಪ್ಪಾದ ಸಾಲಿನಲ್ಲಿ ಹಾಕುವುದಕ್ಕೆ ಅಲ್ಲಿ ಸಾಲೇ ಇಲ್ಲ.

ಹದಿನೇಳು ಮೇಲ್‌ಗಳ ಲೆಕ್ಕ

ಈಗ ಗದ್ದಲಕ್ಕೆ ಬರೋಣ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ 140 ಜನರ ಗುಂಪಿನ ವಿಳಾಸ ಇತ್ತು. ಒಂದು ಗುರುವಾರ ನಾನೇ ಅದಕ್ಕೆ ಒಂದು ಸೂಚನೆ ಕಳಿಸಿದೆ: ಶನಿವಾರ ಮಧ್ಯಾಹ್ನ 2ರಿಂದ 6ರವರೆಗೆ ನೆಟ್‌ವರ್ಕ್ ಇರುವುದಿಲ್ಲ. ಗುಂಪಿನ ವಿಳಾಸವನ್ನು ಟುನಲ್ಲಿ ಹಾಕಿದೆ. ಇಷ್ಟು ಹೊತ್ತು ಇಲ್ಲಿ ನಿಂತು ಉಪದೇಶ ಮಾಡುತ್ತಿರುವವನೇ ಹಾಕಿದ್ದು.

ಶುಕ್ರವಾರ ಸಂಜೆಯೊಳಗೆ 17 ರಿಪ್ಲೈ ಆಲ್ ಬಂದವು. ಆರು ಮೇಲ್ "ಸರಿ, ಧನ್ಯವಾದ". ಎರಡು, ಅವರವರ ಕಂಪ್ಯೂಟರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆ. ಮೂರು, "ನನ್ನನ್ನು ಈ ಗುಂಪಿನಿಂದ ತೆಗೆಯಿರಿ". ನಾಲ್ಕು, "ದಯವಿಟ್ಟು ಯಾರೂ ರಿಪ್ಲೈ ಆಲ್ ಮಾಡಬೇಡಿ", ಅದೂ ರಿಪ್ಲೈ ಆಲ್ ಮಾಡಿಯೇ. ಉಳಿದದ್ದು ಎರಡು. ಒಬ್ಬರು ಕೇಳಿದ್ದರು: ಶೇರ್ಡ್ ಡ್ರೈವ್‌ನಲ್ಲಿ ಫೈಲ್ ತೆರೆದಿಟ್ಟು ಮನೆಗೆ ಹೋದರೆ ಏನಾಗುತ್ತದೆ? ಅದಕ್ಕೆ ನಾನು ಕೊಟ್ಟ ಉತ್ತರ: ಮಧ್ಯಾಹ್ನ ಒಂದೂವರೆಯೊಳಗೆ ಸೇವ್ ಮಾಡಿ ಮುಚ್ಚಿ, ಇಲ್ಲದಿದ್ದರೆ ಬದಲಾವಣೆ ಉಳಿಯುವುದಿಲ್ಲ.

17 ಮೇಲ್, ಒಂದೊಂದೂ 140 ಇನ್‌ಬಾಕ್ಸಿಗೆ. ಒಟ್ಟು 2,380 ಪ್ರತಿಗಳು. ಒಂದನ್ನು ತೆರೆದು ನೋಡಿ ಅಳಿಸಲು ಹತ್ತು ಸೆಕೆಂಡ್ ಅಂತ ಹಿಡಿಯಿರಿ. ಆರೂವರೆ ಗಂಟೆಗೂ ಜಾಸ್ತಿ ಆಗುತ್ತದೆ. ಒಬ್ಬರ ಪೂರ್ತಿ ಒಂದು ದಿನದ ಕೆಲಸಕ್ಕೆ ಹತ್ತಿರ. ಆದರೆ ನನಗೆ ಕೆಟ್ಟದೆನಿಸಿದ್ದು ಈ ಹೊತ್ತು ಹೋದದ್ದಕ್ಕಲ್ಲ. ಸೋಮವಾರ ಬೆಳಿಗ್ಗೆ ಮೂವರು ಬಂದು ಫೈಲ್‌ನಲ್ಲಿ ಮಾಡಿದ್ದೆಲ್ಲ ಹೋಯಿತು ಅಂದರು. ಒಂದೂವರೆಯ ವಿಷಯ ಬರೆದಿದ್ದೆನಲ್ಲ ಅಂದೆ. ಅದು ಹನ್ನೆರಡನೆಯ ಮೇಲ್ ಆಗಿತ್ತು. ಅಷ್ಟು ಹೊತ್ತಿಗೆ ಅವರು ಆ ಸರಣಿಯ ಮೇಲ್‌ಗಳನ್ನು ತೆರೆಯದೇ ಅಳಿಸಲು ಶುರು ಮಾಡಿದ್ದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಗದ್ದಲ ಅಂದರೆ ಮೇಲ್ ಸಂಖ್ಯೆ ಜಾಸ್ತಿ ಆಗುವುದಲ್ಲ. ಬೇಕಾದ ಮೇಲ್ ಬೇಡದ್ದರ ಹಾಗೆ ಕಾಣಲು ಶುರುವಾಗುವುದು. ಆ 17ರಲ್ಲಿ ಫೈಲಿನ ಪ್ರಶ್ನೆ ಮತ್ತು ಅದರ ಉತ್ತರ ಎಲ್ಲರಿಗೂ ಹೋಗಬೇಕಾದವೇ. ಅಲ್ಲಿ ರಿಪ್ಲೈ ಆಲ್ ಸರಿಯಾಗಿತ್ತು. ರಿಪ್ಲೈ ಆಲ್ ಕೆಟ್ಟದ್ದು ಅಂತ ಹೇಳುವವರ ಜೊತೆ ನಾನಿಲ್ಲ. ಐದು ಜನ ಸೇರಿ ತಾರೀಕು ಗೊತ್ತು ಮಾಡುವಾಗ ಒಬ್ಬರು ಬರೀ ರಿಪ್ಲೈ ಒತ್ತಿದರೆ ಉಳಿದ ಮೂವರಿಗೆ ತಿಳಿಯುವುದೇ ಇಲ್ಲ, ಅದು ಇನ್ನೊಂದು ತಲೆನೋವು. ಒತ್ತುವ ಮುಂಚೆ ನಾನು ಕೇಳಿಕೊಳ್ಳುವುದು ಒಂದೇ: ನಾನು ಬರೆದದ್ದನ್ನು ಓದಿ ಈ ಪಟ್ಟಿಯವರು ಬೇರೆ ಏನಾದರೂ ಮಾಡುತ್ತಾರಾ? "ಸರಿ, ಧನ್ಯವಾದ" ಓದಿ ಯಾರೂ ಏನೂ ಮಾಡುವುದಿಲ್ಲ. ಫೈಲ್ ಮುಚ್ಚಿ ಅನ್ನುವುದನ್ನು ಓದಿದರೆ ಮುಚ್ಚುತ್ತಾರೆ.

ನಾನು ಏನು ಮಾಡಬೇಕಿತ್ತು? ಗುಂಪನ್ನು ಬಿಸಿಸಿಯಲ್ಲಿ ಹಾಕಬೇಕಿತ್ತು. ಆಗ ಧನ್ಯವಾದಗಳೂ ಪ್ರಶ್ನೆಗಳೂ ನನಗೊಬ್ಬನಿಗೆ ಬರುತ್ತಿದ್ದವು. ಫೈಲಿನ ಪ್ರಶ್ನೆ ಎಲ್ಲರಿಗೂ ಬೇಕಾದದ್ದು ಅಂತ ನೋಡಿ, ಹೊಸ ಸಬ್ಜೆಕ್ಟ್ ಸಾಲಿನಲ್ಲಿ "ಶನಿವಾರ 1.30ರೊಳಗೆ ಫೈಲ್ ಮುಚ್ಚಿ" ಅಂತ ಎರಡನೇ ಸೂಚನೆ ಕಳಿಸುತ್ತಿದ್ದೆ. ಹದಿನೇಳರ ಬದಲು ಒಂದು.

ಆ ಗದ್ದಲವನ್ನು ನಿಲ್ಲಿಸಿದ್ದು ನಾನಲ್ಲ, ಲೆಕ್ಕ ವಿಭಾಗದ ಹಿರಿಯ ಮೇಡಂ ಒಬ್ಬರು. ಅವರ ಮೇಲ್ ಹದಿನೆಂಟನೆಯದು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಟುನಲ್ಲಿ ನನ್ನ ವಿಳಾಸ ಮಾತ್ರ, ಗುಂಪು ಬಿಸಿಸಿಯಲ್ಲಿ. "ಎಲ್ಲರನ್ನೂ ಬಿಸಿಸಿಗೆ ಸರಿಸಿದ್ದೇನೆ, ಪ್ರಶ್ನೆ ಇದ್ದರೆ ಇವರೊಬ್ಬರಿಗೇ ಕೇಳಿ" ಅಂತ ಒಂದು ಸಾಲು. ಆ ಮೇಲ್‌ಗೆ ಯಾರು ಏನು ಒತ್ತಿದರೂ ನಮ್ಮಿಬ್ಬರಿಗೆ ಮಾತ್ರ ಬರುತ್ತಿತ್ತು. ಹಳೆಯ ಮೇಲ್ ತೆರೆದು ಅದಕ್ಕೇ ರಿಪ್ಲೈ ಆಲ್ ಮಾಡುವವರನ್ನು ಇದು ತಡೆಯುವುದಿಲ್ಲ. ಆದರೆ ಹೆಚ್ಚಿನವರು ಒತ್ತುವುದು ಕಣ್ಣಿಗೆ ಬಿದ್ದ ಕೊನೆಯ ಮೇಲ್ ಮೇಲೆಯೇ.

ಬಿರುಗಾಳಿ

140 ಇದ್ದದ್ದು ಹದಿಮೂರು ಸಾವಿರ ಆದರೆ? 1997ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಒಳಗೆ ಅದೇ ಆಯಿತು. ಬೆಡ್‌ಲಾಮ್ ಡಿಎಲ್3 ಅನ್ನುವ ಗುಂಪಿನಲ್ಲಿ ಸುಮಾರು 13,000 ವಿಳಾಸಗಳಿದ್ದವು. ತಾನು ಯಾಕೆ ಈ ಗುಂಪಿನಲ್ಲಿ ಇದ್ದೇನೆ ಅಂತ ಒಬ್ಬರು ಗುಂಪಿಗೇ ಬರೆದು, ತೆಗೆಯಿರಿ ಅಂದರು. "ನನ್ನನ್ನೂ" ಅಂತ ಉತ್ತರಗಳು ಬಂದವು. ಆಮೇಲೆ ರಿಪ್ಲೈ ಆಲ್ ಮಾಡಬೇಡಿ ಅನ್ನುವ ರಿಪ್ಲೈ ಆಲ್‌ಗಳು. ಮೈಕ್ರೋಸಾಫ್ಟಿನವರೇ ಆಮೇಲೆ ಹೇಳಿಕೊಂಡ ಲೆಕ್ಕದ ಪ್ರಕಾರ ಒಂದೂವರೆ ಕೋಟಿ ಮೇಲ್, 195 ಗಿಗಾಬೈಟ್. ಮೇಲ್ ಸರ್ವರ್ ತಯಾರಿಸುವವರ ಸರ್ವರುಗಳೇ ಕುಸಿದವು.

ಅದೇ ಸಂಸ್ಥೆ 2020ರಲ್ಲಿ ತನ್ನ ಮೇಲ್ ಸೇವೆಗೆ ಒಂದು ತಡೆ ಸೇರಿಸಿತು. ಮೊದಲು ಬಂದಾಗಿನ ನಿಯಮ ಹೀಗಿತ್ತು: 5,000ಕ್ಕೂ ಹೆಚ್ಚು ಜನರಿರುವ ಒಂದು ಮೇಲ್‌ಗೆ ಒಂದು ಗಂಟೆಯೊಳಗೆ ಹತ್ತು ರಿಪ್ಲೈ ಆಲ್ ಬಂದರೆ, ಮುಂದಿನ ನಾಲ್ಕು ಗಂಟೆ ಆ ಸರಣಿಗೆ ರಿಪ್ಲೈ ಆಲ್ ಹೋಗುವುದಿಲ್ಲ. ನನ್ನ 140 ಜನರ ಗದ್ದಲ ಆ ಬಲೆಗೆ ಬೀಳುವಷ್ಟು ದೊಡ್ಡದಲ್ಲ. ಹಾಗಾಗಿ ದೊಡ್ಡ ಗುಂಪು ಇಟ್ಟುಕೊಂಡವರಿಗೆ ಇದಕ್ಕಿಂತ ಸುಲಭದ ದಾರಿ, ಗುಂಪಿಗೆ ಯಾರು ಕಳಿಸಬಹುದು ಅನ್ನುವುದನ್ನೇ ಮೂರ್ನಾಲ್ಕು ಜನರಿಗೆ ಸೀಮಿತ ಮಾಡುವುದು. ಉಳಿದವರು ಒತ್ತಿದರೆ ಅವರಿಗೇ ವಾಪಸ್ ಬರುತ್ತದೆ. ಇದನ್ನು ಮಾಡಿಕೊಡಲು ನಿಮ್ಮ ಮೇಲ್ ನೋಡಿಕೊಳ್ಳುವವರಿಗೆ ಐದು ನಿಮಿಷ ಸಾಕು. ಕೇಳಿ ನೋಡಿ.

ಬಿರುಗಾಳಿಯ ನಡುವೆ ಸಿಕ್ಕಿಕೊಂಡರೆ? ಏನೂ ಬರೆಯಬೇಡಿ. ಜಿಮೇಲ್‌ನಲ್ಲಿ ಮ್ಯೂಟ್, ಔಟ್‌ಲುಕ್‌ನಲ್ಲಿ ಇಗ್ನೋರ್ ಅಂತ ಇದೆ. ಅದನ್ನು ಒತ್ತಿದರೆ ಆ ಸರಣಿ ನಿಮ್ಮ ಇನ್‌ಬಾಕ್ಸಿನಿಂದ ಆಚೆ ಹೋಗುತ್ತದೆ. ಗುಂಪಿನಿಂದ ಹೊರಗೆ ಬರಬೇಕಿದ್ದರೆ ಗುಂಪು ನಡೆಸುವವರೊಬ್ಬರಿಗೇ ಬರೆಯಿರಿ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ನಾನೇ ತಪ್ಪಾಗಿ ಎಲ್ಲರಿಗೂ ಕಳಿಸಿಬಿಟ್ಟೆ, ಈಗ ಎಲ್ಲರಿಗೂ ಸಾರಿ ಅಂತ ಹಾಕಬೇಕಲ್ವಾ?

ಮೊದಲ ಕೆಲವು ಸೆಕೆಂಡಿನಲ್ಲಿ ಗೊತ್ತಾದರೆ ವಾಪಸ್ ತೆಗೆದುಕೊಳ್ಳಬಹುದು. ಜಿಮೇಲ್‌ನಲ್ಲಿ ಆ ಅವಧಿಯನ್ನು 30 ಸೆಕೆಂಡಿನವರೆಗೆ ಏರಿಸಿಕೊಳ್ಳಬಹುದು. ಇವತ್ತೇ ಏರಿಸಿಕೊಳ್ಳಿ. ಅದು ಮೇಲನ್ನು ಕರೆತರುವುದಲ್ಲ, ಅಷ್ಟು ಹೊತ್ತು ಕಳಿಸದೇ ತಡೆದಿರುವುದು. ಔಟ್‌ಲುಕ್‌ನ ರೀಕಾಲ್ ಕೆಲಸ ಮಾಡುವುದು ನಿಮ್ಮದೇ ಸಂಸ್ಥೆಯ ಒಳಗೆ ಮಾತ್ರ. ಹೊರಗಿನವರಿಗೆ ಹೋದದ್ದು ಹೋಯಿತು.

ಇನ್ನು ಸಾರಿ ವಿಷಯ. 2017ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಚಾರಣಾ ಸಮಿತಿ 90 ಜನರಿಗೆ ಒಂದು ಮೇಲ್ ಕಳಿಸಿತ್ತು. ಸರಿಯಾಗಿ, ಬಿಸಿಸಿಯಲ್ಲೇ. ಅದರಲ್ಲಿ ಒಂದು ತಪ್ಪು ಕಂಡಿತು. ತಿದ್ದುಪಡಿಯ ಮೇಲ್ ಕಳಿಸುವಾಗ ವಿಳಾಸಗಳು ಟುನಲ್ಲಿ ಬಿದ್ದವು. ದೌರ್ಜನ್ಯಕ್ಕೆ ಒಳಗಾಗಿರಬಹುದಾದವರ ವಿಳಾಸಗಳು ಅವು. ಆಮೇಲೆ ಆ ಮೇಲ್ ಅಳಿಸಿ, ಯಾರಿಗೂ ಕಳಿಸಬೇಡಿ ಅಂತ ಸಮಿತಿ ಮತ್ತೆ ಮೂರು ಮೇಲ್ ಹಾಕಿತು. ಆ ಮೂರರಲ್ಲಿ ಒಂದಕ್ಕೇ 39 ರಿಪ್ಲೈ ಆಲ್ ಬಂದವು.

ಹಾಗಾಗಿ ಬರೀ ಮುಜುಗರದ ತಪ್ಪಾದರೆ ಎಲ್ಲರಿಗೂ ಏನೂ ಹಾಕಬೇಡಿ. ಯಾರಿಗೆ ನೋವಾಗಿದೆಯೋ ಅವರಿಗೆ ಫೋನ್ ಮಾಡಿ. ವಿಳಾಸಗಳು ಬಯಲಾಗಿದ್ದರೆ ಮೊದಲು ನಿಮ್ಮ ಸಂಸ್ಥೆಯಲ್ಲಿ ಅದನ್ನು ನೋಡಿಕೊಳ್ಳುವವರಿಗೆ ಹೇಳಿ. ಜನರಿಗೆ ತಿಳಿಸಲೇಬೇಕಾಗುತ್ತದೆ. ಆದರೆ ಹಳೆಯ ಮೇಲ್‌ಗೆ ಉತ್ತರವಾಗಿ ಅಲ್ಲ. ಹೊಸ ಮೇಲ್, ಒಬ್ಬೊಬ್ಬರಿಗೂ ಬೇರೆ ಬೇರೆ, ಟುನಲ್ಲಿ ಒಂದೇ ವಿಳಾಸ. ಸೆಂಡ್ ಒತ್ತುವ ಮುಂಚೆ ಪಕ್ಕದಲ್ಲಿ ಕೂತವರನ್ನು ಕರೆದು ಟು, ಸಿಸಿ, ಬಿಸಿಸಿ ಮೂರೂ ಸಾಲು ತೋರಿಸಿ.